ರಂಪಣಿ ಬಲೆಯ ಮೇಲೆ ಬಿದ್ದ ತಾರೀಖು

ಕೇಳಿದವರು, ಕಾರವಾರ: 1998ರಲ್ಲಿ ಬೈತಖೋಲದಲ್ಲಿ ತೆಗೆದ ಫೋಟೊ. ಅಪ್ಪ ರಂಪಣಿ ಬಲೆ ಎಳೆಯುತ್ತಿದ್ದಾರೆ. ಬಲಮೂಲೆಯ ಕಿತ್ತಳೆ ತಾರೀಖು ಸರಿಯಾಗಿ ಬಲೆಯ ಕಣ್ಣುಗಳ ಮೇಲೆ ಬಿದ್ದಿದೆ. ನೆಗೆಟಿವ್ ಸ್ಕ್ಯಾನ್ ಆಗಿದೆ, ಗಿಂಪ್ ಇದೆ. ತಾರೀಖು ಅಳಿಸಲು ಹೀಲಿಂಗ್ ಹಾಕಿದರೆ ಬಲೆಯೇ ಕಲಸಿಹೋಗುತ್ತದೆ. ಏನು ಮಾಡಲಿ?

ಅಂಕೋಲಾದಿಂದ: ಸ್ಕ್ಯಾನರಿನಲ್ಲಿ ಧೂಳು ತೆಗೆಯುವ ಆಯ್ಕೆ ಹಾಕಿ ಇನ್ನೊಮ್ಮೆ ಮಾಡಿಸಿ. ನಮ್ಮ ಮದುವೆ ಫೋಟೊದ ಗೀರೆಲ್ಲ ಹೋಯ್ತು.

ಶಿರಸಿಯ ಸ್ಟುಡಿಯೊದವರು: ಗೀರು ಹೋಗುವುದು ನಿಜ, ತಾರೀಖು ಹೋಗುವುದಿಲ್ಲ. ಆ ಆಯ್ಕೆ ಇನ್‌ಫ್ರಾರೆಡ್ ಬೆಳಕಿಗೆ ಅಡ್ಡ ಬರುವ ಧೂಳನ್ನು ಹುಡುಕುತ್ತದೆ. ತಾರೀಖು ಕ್ಯಾಮೆರಾದೊಳಗಿನ ಪುಟ್ಟ ದೀಪ ಫಿಲ್ಮಿನ ಮೇಲೆ ಬರೆದದ್ದು. ನಿಮ್ಮ ಅಪ್ಪನ ಚಿತ್ರದ ಹಾಗೆ ಅದೂ ಬಣ್ಣದ ಪದರದಲ್ಲೇ ಇದೆ.

ಆದರೆ ಆ ದೀಪದ ಬೆಳಕು ಕೆಂಪು. ಅದು ಕೆಂಪು ಚಾನೆಲ್ಲನ್ನು ತುಂಬಿಬಿಡುತ್ತದೆ, ಹಸಿರನ್ನು ಅರ್ಧ ಕೆಡಿಸುತ್ತದೆ, ನೀಲಿಯನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಚಾನೆಲ್ ಪಟ್ಟಿಯಲ್ಲಿ ಕೆಂಪು, ಹಸಿರಿನ ಕಣ್ಣು ಮುಚ್ಚಿ ನೋಡಿ. ಅಂಕಿಯ ಕೆಳಗೆ ಬಲೆಯ ದಾರ ಕಂಡರೆ ಅರ್ಧ ಕೆಲಸ ಆದ ಹಾಗೆ.

ಈಗ ಮುಚ್ಚಿದ ಕಣ್ಣುಗಳನ್ನು ಮತ್ತೆ ತೆರೆದು ಪದರದ ಇನ್ನೊಂದು ಪ್ರತಿ ಮಾಡಿ, ಅದಕ್ಕೆ `Colors > Components > Mono Mixer` ಹಾಕಿ. ನೀಲಿ 1, ಉಳಿದೆರಡು 0. ಕರ್ವ್ಸ್‌ನಿಂದ ಅದರ ಬೆಳಕನ್ನು ಸುತ್ತಲಿನ ಬಲೆಗೆ ಹೊಂದಿಸಿ. ಕಪ್ಪು ಮಾಸ್ಕ್ ಹಾಕಿ ಅಂಕಿಗಳ ಮೇಲೆ ಮಾತ್ರ ಬಿಳಿ ಬಳಿಯಿರಿ. ಅಂಕಿಯ ಅಂಚಿನಾಚೆಗೂ ಮೂರ್ನಾಲ್ಕು ಪಿಕ್ಸೆಲ್ ಹೋಗಬೇಕು. ಬೆಳಕು ಫಿಲ್ಮಿನಲ್ಲಿ ಹರಡಿರುತ್ತದೆ, ಬಿಟ್ಟರೆ ಕಿತ್ತಳೆ ಗೆರೆ ಉಳಿಯುತ್ತದೆ. ಕೊನೆಗೆ `HSL Color` ಮೋಡಿನ ಹೊಸ ಪದರದಲ್ಲಿ ಪಕ್ಕದ ಬಲೆಯ ಬಣ್ಣ ತೆಗೆದು ಬಳಿಯಿರಿ. ಎಲ್ಲಿಯೂ ಪಕ್ಕದ ಚುಕ್ಕಿಗಳನ್ನು ಬೆರೆಸಿಲ್ಲವಲ್ಲ, ಅದಕ್ಕೇ ದಾರ ಮಸುಕಾಗುವುದಿಲ್ಲ.

ಕುಮಟಾದಿಂದ: ನನ್ನ ಮೊಬೈಲಿನಲ್ಲೂ ತಾರೀಖು ಬೀಳ್ತದೆ ಸರ್, ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿದೆ, ಸರಿಯಾಯ್ತು.

ಶಿರಸಿಯ ಸ್ಟುಡಿಯೊದವರು: ಅದು ಮುಂದೆ ತೆಗೆಯುವ ಫೋಟೊಗೆ ಆಯಿತು. ಇವರದು ಆಗಲೇ ಫಿಲ್ಮಿನಲ್ಲಿ ಬಿದ್ದುಹೋಗಿದೆ.

ಕೇಳಿದವರು, ಕಾರವಾರ: ಮಾಡಿದೆ ಸರ್. ನೀಲಿಯಲ್ಲಿ ಬಲೆ ಕಂಡಿತು, ಆದರೆ ದಾರದ ಸುತ್ತ ಚೌಕ ಚೌಕ ಕಲೆ. ಕೊನೆಯ 8 ಮಾತ್ರ ದೋಣಿಯ ಕೆಂಪು ಹಲಗೆಯ ಮೇಲಿದೆ, ಅಲ್ಲಿ ನೀಲಿಯಲ್ಲಿ ಬರೀ ಕತ್ತಲು.

ಶಿರಸಿಯ ಸ್ಟುಡಿಯೊದವರು: ಚೌಕ ಕಲೆ ಜೆಪೆಗ್‌ನದು. ಅದು ಬಣ್ಣದ ವಿವರವನ್ನೇ ಹೆಚ್ಚು ಹಿಂಡುತ್ತದೆ, ನೀಲಿಗೆ ಪೆಟ್ಟು ಜೋರು. 16 ಬಿಟ್ ಟಿಫ್ ಕೇಳಿ, ಶಾರ್ಪನಿಂಗ್ ಬಂದ್ ಇರಲಿ.

ಕೆಂಪು ಬಣ್ಣದ ಮೇಲೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕ್ಲೋನ್ ಬಳಸಿ, ಹೀಲಿಂಗ್ ಬೇಡ. ಅದೇ ಹಲಗೆಯ ಉದ್ದಕ್ಕೆ ಸ್ವಲ್ಪ ಆಚೆಯಿಂದ ತೆಗೆದು, ಹಲಗೆಯ ಗೆರೆಗೆ ಗೆರೆ ಕೂಡಿಸಿ. ಬ್ರಶ್ಶಿನ ಅಂಚು ತೀರ ಮೆತ್ತಗಿದ್ದರೆ ಫಿಲ್ಮಿನ ಕಾಳು ಅಳಿದು ಅಲ್ಲಷ್ಟೇ ನುಣ್ಣಗೆ ಕಾಣುತ್ತದೆ. ಹಾರ್ಡ್‌ನೆಸ್ 75ರ ಸುತ್ತ ಇಡಿ.

ಕೇಳಿದವರು, ಕಾರವಾರ: ಆ ಹಲಗೆಯ ಮೇಲೆ ದೋಣಿಯ ಹೆಸರಿನ ಕೊನೆಯ ಅಕ್ಷರವೂ ಇದೆ, 8ರ ಅಡಿಯಲ್ಲಿ.

ಶಿರಸಿಯ ಸ್ಟುಡಿಯೊದವರು: ಅಕ್ಷರ ಬಿಳಿಯಾಗಿದ್ದರೆ ನೀಲಿಯಲ್ಲಿ ಕಾಣಬೇಕು. ಹಳದಿಯಾಗಿದ್ದರೆ ಕಷ್ಟ. ಟಿಫ್ ಬಂದ ಮೇಲೆ ಆ ಮೂಲೆ ಮಾತ್ರ ಕತ್ತರಿಸಿ ಹಾಕಿ, ನೋಡುವ.