ಹುಣಸೆ ಫಸಲಿನ ಲಕೋಟೆ ಹರಾಜು: ಎಷ್ಟು ಬರೆಯಬೇಕು?

ಮದ್ದೂರಿನ ವ್ಯಾಪಾರಿ: ಮೇಡಂ, ಇಲ್ಲೊಂದು ತೋಪಿನ ಹುಣಸೆ ಫಸಲಿಗೆ ಮುಚ್ಚಿದ ಲಕೋಟೆ ಕರೆದಿದ್ದಾರೆ. ಹೆಚ್ಚು ಬರೆದವರಿಗೆ ಫಸಲು, ಆದರೆ ಕಟ್ಟಬೇಕಾದುದು ಎರಡನೆಯವರು ಬರೆದ ಮೊತ್ತ. ಐವರಿದ್ದೇವೆ. ಖರ್ಚು ಕಳೆದು ನನ್ನ ಅಂದಾಜು 1,80,000 ರೂಪಾಯಿ. ಎಷ್ಟು ಬರೆಯಲಿ?

ಪಾಂಡವಪುರದ ಸದಸ್ಯರು: ಪೂರ್ತಿ ಬರೆಯಿರಿ. ಇಂಥ ಹರಾಜಿನಲ್ಲಿ ಮನಸ್ಸಿನಲ್ಲಿರುವ ಬೆಲೆಯನ್ನೇ ಬರೆಯಬೇಕೆಂದು ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ತೋರಿಸಿದ್ದಾರೆ. ನನಗೆ ಬಂದ ಸಂದೇಶವನ್ನು ಫಾರ್ವರ್ಡ್ ಮಾಡಿದ್ದೇನೆ.

ಅರ್ಥಶಾಸ್ತ್ರ ಪ್ರಾಧ್ಯಾಪಕಿ, ಮೈಸೂರು: ಆ ಸಂದೇಶವನ್ನು ನಂಬಿ ಲಕೋಟೆ ಅಂಟಿಸಬೇಡಿ. ವಸ್ತು ತನಗೆಷ್ಟು ಬೆಲೆಯದೆಂದು ಪ್ರತಿಯೊಬ್ಬರಿಗೂ ಖಚಿತವಾಗಿ ಗೊತ್ತಿರುವಾಗ ವಿಕ್ರಿಯವರ ಮಾತು ಸಲ್ಲುತ್ತದೆ. ಹುಣಸೆಯಲ್ಲಿ ಕಾಯಿಯ ತೂಕವೂ ಮಂಡಿಯ ದರವೂ ಯಾರು ಗೆದ್ದರೂ ಒಂದೇ. ಬೇರೆಯಾಗುವುದು ಮರದ ಕೆಳಗೆ ನಿಂತು ನೀವು ಐವರು ಕಟ್ಟುವ ಅಂದಾಜು ಮಾತ್ರ. ಗೆಲ್ಲುವವರು ಸಾಮಾನ್ಯವಾಗಿ ಅತಿ ಹೆಚ್ಚು ಅಂದಾಜು ಕಟ್ಟಿದವರೇ ಆಗಿರುತ್ತಾರೆ.

ನಿಜವಾದ ಬೆಲೆ 1,50,000 ಎಂದಿಟ್ಟುಕೊಳ್ಳಿ, ಅಂದಾಜುಗಳು ಅದರ ಮೇಲೆ ಕೆಳಗೆ 30,000ದೊಳಗೆ ಸಮನಾಗಿ ಹರಡಿರಲಿ. ಆಗ ಐದರಲ್ಲಿ ಮೊದಲನೆಯ ಅಂದಾಜು ಸರಾಸರಿ 1,70,000, ಎರಡನೆಯದು 1,60,000. ಎಲ್ಲರೂ ಅಂದಾಜನ್ನೇ ಬರೆದರೆ, ಎರಡನೇ ಬೆಲೆ ಕಟ್ಟಿಯೂ ಗೆದ್ದವರಿಗೆ ಸರಾಸರಿ 10,000 ನಷ್ಟ. ಮೆಕ್ಸಿಕೋ ಕೊಲ್ಲಿಯ ತೈಲ ಗುತ್ತಿಗೆಗಳಲ್ಲಿ ಕಂಪನಿಗಳಿಗೆ ಲಾಭ ಏಕೆ ಹುಟ್ಟುತ್ತಿಲ್ಲವೆಂದು ಮೂವರು ಎಂಜಿನಿಯರುಗಳು 1971ರಲ್ಲಿ ಬರೆದದ್ದೂ ಇದೇ ಬಗೆಯ ಏಟಿನ ಬಗ್ಗೆ.

ಆದ್ದರಿಂದ ನೀವು ಕೇಳಿಕೊಳ್ಳಬೇಕಾದುದು ಹೀಗೆ: ಇನ್ನೊಬ್ಬರ ಅಂದಾಜೂ ನನ್ನಷ್ಟೇ ಇದ್ದು, ಉಳಿದ ಮೂವರದು ಅದಕ್ಕಿಂತ ಕೆಳಗಿದ್ದರೆ ಫಸಲು ಎಷ್ಟು ಬಾಳೀತು? ಈ ಲೆಕ್ಕದಲ್ಲಿ 18,000 ಕಡಿಮೆ. 1,62,000 ಬರೆಯಿರಿ. ನಿಮ್ಮಲ್ಲಿ ಅಂದಾಜುಗಳು 30,000ಕ್ಕಿಂತ ಹೆಚ್ಚು ಚದುರುತ್ತವೆ ಎಂದಾದರೆ ಕಡಿತವೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು.

ಮಳವಳ್ಳಿಯ ಸದಸ್ಯೆ: ಹತ್ತು ಮಂದಿ ಸೇರಿದರೆ ಪೈಪೋಟಿಗೆ ಹೆಚ್ಚು ಬರೆಯಬೇಕಲ್ಲವೇ?

ಪ್ರಾಧ್ಯಾಪಕಿ: ಇಲ್ಲ. ಕಡಿತ 24,000ಕ್ಕೆ ಏರುತ್ತದೆ.

ನಾಗಮಂಗಲದ ಸದಸ್ಯರು: ನಮ್ಮ ಚೀಟಿ ಕೂಗುವಾಗಲೂ ಇದೇ ಲೆಕ್ಕವೇ? ಹೋದ ತಿಂಗಳು ನಾನು ಬಹಳ ಬಿಟ್ಟು ಕೂಗಿಬಿಟ್ಟೆ.

ಪ್ರಾಧ್ಯಾಪಕಿ: ಚೀಟಿಯಲ್ಲಿ ಹಣದ ಅಗತ್ಯ ನಿಮ್ಮದೇ. ಅದು ಬೇರೆ ಮಾತು.

ಪಾಂಡವಪುರದ ಸದಸ್ಯರು: ಉಳಿದ ನಾಲ್ವರು ಪೂರ್ತಿ ಬರೆದರೆ ಕಡಿತ ಮಾಡಿದವರು ಸೋಲುತ್ತಾರೆ. ಪುಸ್ತಕದ ಲೆಕ್ಕ ಮಂಡಿಯಲ್ಲಿ ನಡೆಯದು.

ಮದ್ದೂರಿನ ವ್ಯಾಪಾರಿ: ಸ್ವಾಮಿ, ನೀವು ಎಂದಾದರೂ ಮರ ಹಿಡಿದಿದ್ದೀರಾ? ಎರಡು ವರ್ಷದ ಹಿಂದೆ ನಾನು ಗೆದ್ದು, ಕೊಯ್ಲಿನ ಕೂಲಿಯನ್ನೂ ಕೈಯಿಂದ ಕೊಟ್ಟೆ.

ಪಾಂಡವಪುರದ ಸದಸ್ಯರು: ನಿಮ್ಮ ಅಂದಾಜು ತಪ್ಪಾದದ್ದಕ್ಕೆ ವಿಕ್ರಿ ಹೊಣೆಯೇ?

ಪ್ರಾಧ್ಯಾಪಕಿ: ಅಂದಾಜು ಸರಾಸರಿಯಲ್ಲಿ ಸರಿಯಿದ್ದರೂ ಗೆದ್ದಾಗ ತಪ್ಪುತ್ತದೆ ಎಂದೇ ನಾನು ಬರೆದದ್ದು, ದಯವಿಟ್ಟು ಓದಿ. ನಾಲ್ವರು ಪೂರ್ತಿ ಬರೆದರೆ ಇನ್ನೂ ಕೆಳಗಿಳಿಯಬೇಕು, 18,000ದ ಬದಲು ಸುಮಾರು 22,500ರಷ್ಟು; ಅವರನ್ನೂ ಮೀರಿ ಗೆದ್ದರೆ ನಿಮ್ಮ ಅಂದಾಜು ಅಷ್ಟು ಎತ್ತರದ್ದೆಂದು ಅರ್ಥ. ಸೋತರೆ ಸೋಲಲಿ.

ಮಳವಳ್ಳಿಯ ಸದಸ್ಯೆ: ಹಾಗಾದರೆ ತಾನು ಬರೆದಷ್ಟೇ ಕಟ್ಟುವ ಹರಾಜಿನಲ್ಲಿ?

ಪ್ರಾಧ್ಯಾಪಕಿ: ಇನ್ನೂ ಕಡಿಮೆ.

ಶ್ರೀರಂಗಪಟ್ಟಣದ ಸದಸ್ಯರು: ಮೊದಲ ಲಕೋಟೆ ನೋಡಿದ ಮೇಲೆ ತೋಪಿನವರೇ ಅದಕ್ಕಿಂತ ನೂರು ರೂಪಾಯಿ ಕಡಿಮೆ ಬರೆದ ಇನ್ನೊಂದು ಲಕೋಟೆ ಸೇರಿಸಿದರೆ ನಮಗೆ ತಿಳಿಯುವುದು ಹೇಗೆ?

ಪಾಂಡವಪುರದ ಸದಸ್ಯರು: ಎಲ್ಲರನ್ನೂ ಕಳ್ಳರೆಂದರೆ ಹರಾಜಿಗೆ ಹೋಗುವುದೇಕೆ?