ಬ್ಲಡ್ ಕಲ್ಚರ್‌ನಲ್ಲಿ ಏನೂ ಇಲ್ಲ ಅಂದರೆ ಫಂಗಸ್ ಇಲ್ಲ ಅಂತಲ್ಲ

"ಅಕ್ಕಾ, ಮಾಮಾಗೆ ಮೊದಲನೇ ಕೀಮೋ ಶುರುವಾಗಿ 16 ದಿನ. ಆರು ದಿನದಿಂದ ಜ್ವರ ಇಳಿದಿಲ್ಲ. ದೊಡ್ಡ ಆಂಟಿಬಯಾಟಿಕ್ ಹಾಕ್ತಾ ಇದ್ದಾರೆ. ಬ್ಲಡ್ ಕಲ್ಚರ್‌ನಲ್ಲಿ ಏನೂ ಬಂದಿಲ್ಲ, ಎಕ್ಸ್‌ರೇನೂ ಸರಿ ಇದೆ. ಆದ್ರೂ ಫಂಗಸ್ ಇರಬಹುದು, ಎದೆ ಸಿಟಿ ಮಾಡಿಸಿ ಅಂತಾರೆ. ಸುಮ್ನೆ ಖರ್ಚು ಮಾಡಿಸ್ತಾ ಇದ್ದಾರಾ?"

ತಮ್ಮಾ, ಸಿಟಿ ಮಾಡಿಸು. ನಾಳೆ ನಾಡಿದ್ದು ಅಂತ ತಳ್ಳಬೇಡ, ಇವತ್ತೇ ಮಾಡಿಸು. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಅತ್ತೆಯನ್ನೂ ಹತ್ತಿರ ಕೂರಿಸಿಕೊಂಡು ಕೇಳಿಸು. ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನೀನು ಗುಂಪಿಗೆ ಹಾಕಿದ ರಿಪೋರ್ಟ್ ನೋಡು. ಬಿಳಿ ರಕ್ತಕಣ 600 ಇದೆ. ಅದರಲ್ಲಿ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಕಣ ಶೇಕಡ 10. ಅಂದರೆ ಲೆಕ್ಕಕ್ಕೆ 60. ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಆದರೇನೇ ನಾವು ಹುಷಾರಾಗುತ್ತೇವೆ. 100ಕ್ಕಿಂತ ಕೆಳಗೆ ಹೋಗಿ ಹಾಗೇ ಹತ್ತು ದಿನ ನಿಂತರೆ ಫಂಗಸ್‌ಗೆ ಬಾಗಿಲು ತೆರೆದ ಹಾಗೆ. ಮಾಮಾಗೆ ಬಂದಿರುವುದು ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್. ಅದರ ಮೊದಲನೇ ಕೀಮೋದಲ್ಲಿ ಕೌಂಟ್ ಎರಡು ಮೂರು ವಾರ ಏಳುವುದೇ ಇಲ್ಲ. ಆಂಟಿಬಯಾಟಿಕ್ ಹಾಕಿ ನಾಲ್ಕು ದಿನ ದಾಟಿದರೂ ಜ್ವರ ಬಿಡದಿದ್ದರೆ ಫಂಗಸ್ ಹುಡುಕಬೇಕು. ಇದು ಎಲ್ಲ ಕಡೆ ನಡೆದು ಬಂದ ಕ್ರಮ. ನಿಮ್ಮ ಡಾಕ್ಟರ್ ಹೊಸದಾಗಿ ಹುಟ್ಟಿಸಿದ್ದಲ್ಲ.

ಎಕ್ಸ್‌ರೇ ಸರಿ ಇದೆಯಲ್ಲ ಅಂತೀಯ. ನ್ಯುಮೋನಿಯಾದಲ್ಲಿ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ ನೋಡು, ಅದರಲ್ಲಿ ದೊಡ್ಡ ಪಾಲು ನಮ್ಮದೇ ಬಿಳಿ ಕಣಗಳು ಅಲ್ಲಿ ಹೋಗಿ ಸೇರಿ ಆಗುವ ಕೀವು, ನೀರು. ಮಾಮಾನ ಮೈಯಲ್ಲಿ ಆ ಕಣಗಳೇ ಇಲ್ಲ. ಹಾಗಾಗಿ ಒಳಗೆ ಗಂಟು ಬೆಳೆಯುತ್ತಿದ್ದರೂ ಎಕ್ಸ್‌ರೇ ಸ್ವಚ್ಛವಾಗಿ ಬರಬಹುದು. ಕೆಮ್ಮು, ಕಫ ಕೂಡ ಇರುವುದಿಲ್ಲ. ಬರೀ ಜ್ವರ. ಸಿಟಿಯಲ್ಲಿ ಒಂದು ಸೆಂಟಿಮೀಟರ್ ಗಂಟು ಕೂಡ ಸಿಗುತ್ತದೆ.

ಇನ್ನು ಬ್ಲಡ್ ಕಲ್ಚರ್, ಅಂದರೆ ರಕ್ತವನ್ನು ಬಾಟಲಿಗೆ ಹಾಕಿ ರೋಗಾಣು ಬೆಳೆಯುತ್ತದಾ ಅಂತ ನೋಡುವುದು. ಫಂಗಸ್ ಅಂದರೆ ಒಂದೇ ಜಾತಿ ಅಲ್ಲ. ಒಂದು ಕ್ಯಾಂಡಿಡಾ. ಅದು ಯೀಸ್ಟ್, ಬ್ರೆಡ್ ಹಿಟ್ಟು ಉಬ್ಬಿಸುವವುಗಳ ಕಡೆಯದು ಅಂದುಕೋ. ನಮ್ಮ ಕರುಳಿನಲ್ಲೇ ಇರುತ್ತದೆ. ಕೀಮೋದಿಂದ ಕರುಳಿನ ಒಳಪದರ ಹುಣ್ಣಾದಾಗ ರಕ್ತಕ್ಕೆ ಇಳಿಯುತ್ತದೆ. ಔಷಧಿ ಕೊಡಲು ತೋಳಿನ ರಕ್ತನಾಳಕ್ಕೆ ಹಾಕುವ ಪಿಕ್ ಲೈನ್ ಕೊಳವೆ ಮೇಲೂ ಕೂರುತ್ತದೆ. ರಕ್ತದಲ್ಲಿ ತೇಲುವುದರಿಂದ ಬಾಟಲಿಯಲ್ಲಿ ಬೆಳೆಯುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ. ಆದರೆ ಅದೂ ಸುಮಾರು ಅರ್ಧದಷ್ಟು ಕೇಸ್‌ಗಳಲ್ಲಿ ಮಾತ್ರ ಸಿಗುತ್ತದೆ. ಲಿವರ್‌ಗೋ ಗುಲ್ಮಕ್ಕೋ ಹೋಗಿ ಕೂತರೆ ರಕ್ತದಲ್ಲಿ ಕಾಣುವುದಿಲ್ಲ. ರಕ್ತ ಕಡಿಮೆ ತೆಗೆದರೂ ತಪ್ಪುತ್ತದೆ. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್ ಬೇಕು. ನಮ್ಮ ಲ್ಯಾಬಿಗೆ 3 ಎಂಎಲ್ ಹಾಕಿದ ಬಾಟಲಿ ಎಷ್ಟು ಬರುತ್ತವೆ ಅಂತ ಹೇಳಿದರೆ ನಿನಗೆ ಬೇಜಾರಾಗುತ್ತದೆ.

ಇನ್ನೊಂದು ಬೂಷ್ಟು. ಉಪ್ಪಿನಕಾಯಿ ಮೇಲೆ, ನೆನೆದ ಭತ್ತದ ಮೇಲೆ ಹಸಿರಾಗಿ ಕಟ್ಟುತ್ತದಲ್ಲ, ಅದರ ಜಾತಿ. ಇದರಲ್ಲಿ ಮುಖ್ಯವಾದದ್ದು ಆಸ್ಪರ್ಜಿಲಸ್. ಇದರ ಬೀಜಕಣ ಗಾಳಿಯಲ್ಲಿ ಬರುತ್ತದೆ, ಎರಡು ಮೂರು ಮೈಕ್ರಾನ್ ಅಷ್ಟೇ ದಪ್ಪ. ಎಲ್ಲರೂ ದಿನಾ ಉಸಿರಾಡುತ್ತೇವೆ. ಮಾಮಾ ಗಂಗಾವತಿ ರೈಸ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಹೊಟ್ಟಿನ ಧೂಳಿನಲ್ಲೇ ಕೆಲಸ ಮಾಡಿದವರು, ಇದನ್ನು ಡಾಕ್ಟರ್‌ಗೆ ಹೇಳಿದ್ದೀರಾ? ಹೇಳಿ. ಈ ಬೂಷ್ಟು ಶ್ವಾಸಕೋಶದಲ್ಲಿ ಬೇರು ಬಿಟ್ಟು ರಕ್ತನಾಳದ ಒಳಗೇ ನುಗ್ಗುತ್ತದೆ. ಆದರೂ ಬ್ಲಡ್ ಕಲ್ಚರ್‌ನಲ್ಲಿ ಹೆಚ್ಚುಕಡಿಮೆ ಯಾವಾಗಲೂ ಬೆಳೆಯುವುದಿಲ್ಲ. ಹಾಗಾಗಿ 'ಏನೂ ಬಂದಿಲ್ಲ' ಅನ್ನುವ ರಿಪೋರ್ಟ್ ಬೂಷ್ಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಫಂಗಸ್ ಬರದಿರಲಿ ಅಂತ ಮೊದಲಿನಿಂದ ಫ್ಲುಕೊನಜೋಲ್ ಮಾತ್ರೆ ಕೊಡುತ್ತಿದ್ದಾರಲ್ಲ ಅಂತ ಅತ್ತೆ ನಿನ್ನೆ ಕೇಳಿದರು. ಆ ಮಾತ್ರೆ ಕ್ಯಾಂಡಿಡಾದ ಹಲವು ಜಾತಿಗಳಿಗೆ ಸರಿ. ಬೂಷ್ಟಿಗೆ ಅದು ನಾಟುವುದೇ ಇಲ್ಲ.

ನಾನು ನೋಡಿದ ಒಂದು ಕೇಸ್ ಹೇಳುತ್ತೇನೆ. ಕುಷ್ಟಗಿ ಕಡೆಯ ಹೆಂಗಸು, ನಲವತ್ತರ ಆಸುಪಾಸು, ಮಾಮಾನ ಕಾಯಿಲೆಯೇ. ಕೀಮೋ ಆಗಿ 11ನೇ ದಿನ ಜ್ವರ. ಮೆರೊಪೆನೆಮ್ ಅನ್ನುವ ಆಂಟಿಬಯಾಟಿಕ್ ಶುರು ಮಾಡಿದರು. ಐದು ದಿನ ಆದರೂ 102 ಡಿಗ್ರಿ. ಎರಡು ಸೆಟ್ ಕಲ್ಚರ್ ಖಾಲಿ, ಎಕ್ಸ್‌ರೇ ಸ್ವಚ್ಛ. ಸಿಟಿ ಮಾಡಿದರೆ ಬಲಗಡೆ ಮೇಲ್ಭಾಗದಲ್ಲಿ ಎರಡು ಸೆಂಟಿಮೀಟರ್ ಗಂಟು, ಸುತ್ತ ಮಂಜು ಕವಿದ ಹಾಗೆ ಒಂದು ಬಳೆ. ಚಂದ್ರನ ಸುತ್ತ ಕೊಡೆ ಕಟ್ಟುತ್ತದಲ್ಲ, ಹಾಗೆ. ಅದನ್ನು ಹೇಲೋ ಅಂತಾರೆ. ಗಂಟಿನ ಸುತ್ತ ಸಣ್ಣಗೆ ರಕ್ತ ಒಸರಿರುವ ಗುರುತು ಅದು. ಮೊದಲ ವಾರದಲ್ಲಿ ಚೆನ್ನಾಗಿ ಕಾಣುತ್ತದೆ, ಆಮೇಲೆ ಮಾಸುತ್ತದೆ. ನಿನಗೆ ಇವತ್ತೇ ಮಾಡಿಸು ಅಂದದ್ದು ಅದಕ್ಕೇ.

ಅವತ್ತೇ ಆಸ್ಪರ್ಜಿಲಸ್ ಬೂಷ್ಟಿಗೆ ನಾಟುವ ವೊರಿಕೊನಜೋಲ್ ಶುರು ಮಾಡಿದರು. ಜೊತೆಗೆ ರಕ್ತದಲ್ಲಿ ಗ್ಯಾಲಕ್ಟೋಮ್ಯಾನನ್ ಪರೀಕ್ಷೆಗೆ ಕಳಿಸಿದರು. ಆಸ್ಪರ್ಜಿಲಸ್ ಬೆಳೆಯುವಾಗ ಅದರ ಗೋಡೆಯಿಂದ ಕಳಚುವ ಒಂದು ಸಕ್ಕರೆ ಅದು. ರಕ್ತದಲ್ಲಿ 0.5 ದಾಟಿದರೆ ಅನುಮಾನ, 1 ದಾಟಿದರೆ ಬಲವಾದ ಸಾಕ್ಷಿ. ಅವರದ್ದು 0.3 ಬಂತು. ಮನೆಯವರು ಫಂಗಸ್ ಇಲ್ಲವಂತೆ, ಔಷಧಿ ನಿಲ್ಲಿಸಿ ಅಂದರು. ಆದರೆ ಈ ಪರೀಕ್ಷೆ ಮೂರು ನಾಲ್ಕು ಜನರಲ್ಲಿ ಒಬ್ಬರನ್ನು ತಪ್ಪಿಸುತ್ತದೆ. ಸಿಟಿ ಅಷ್ಟು ಸ್ಪಷ್ಟವಾಗಿ ಇರುವಾಗ ಒಂದು 0.3 ನಂಬಿ ಕೈ ಬಿಡುವಂತಿಲ್ಲ.

ಆಗ ಪ್ಲೇಟ್‌ಲೆಟ್ ಹಾಕಿ, ಕೊಳವೆ ಬಿಟ್ಟು, ಶ್ವಾಸಕೋಶದ ಅದೇ ಭಾಗವನ್ನು ಸಲೈನ್‌ನಲ್ಲಿ ತೊಳೆದು ಆ ನೀರನ್ನು ನಮ್ಮಲ್ಲಿಗೆ ಕಳಿಸಿದರು. ಅದರಲ್ಲಿ ಗ್ಯಾಲಕ್ಟೋಮ್ಯಾನನ್ 2.8. ಮೈಕ್ರೋಸ್ಕೋಪ್ ಕೆಳಗೆ ತೆಳ್ಳಗಿನ ಎಳೆಗಳು, ನಡುನಡುವೆ ಗೋಡೆ, ಮರದ ಕೊಂಬೆ ಹಾಗೆ ಚೂಪು ಕೋನದಲ್ಲಿ ಕವಲು. ಮೂರನೇ ದಿನ ಫಂಗಸ್ ಬೆಳೆಸುವ ಪ್ಲೇಟ್ ಮೇಲೆ ಹಳದಿ ಹಸಿರು ಬೂಷ್ಟು ಎದ್ದಿತು. ಆಸ್ಪರ್ಜಿಲಸ್ ಫ್ಲೇವಸ್. ರಕ್ತದಲ್ಲಿ ಸಿಗದ್ದು ಜಾಗಕ್ಕೇ ಹೋಗಿ ಹುಡುಕಿದಾಗ ಸಿಕ್ಕಿತು.

ವೊರಿಕೊನಜೋಲ್ ಶುರುವಾಗಿ ಎಂಟನೇ ದಿನ ಮತ್ತೆ ಸಿಟಿ ಮಾಡಿದರೆ ಗಂಟು ಮೊದಲಿಗಿಂತ ದೊಡ್ಡದು. ಅವರ ಮಗ ನನ್ನ ಮುಂದೆ ಅತ್ತುಬಿಟ್ಟ. ಆದರೆ ಜ್ವರ ಇಳಿಯುತ್ತಿತ್ತು. ಔಷಧಿ ಹಿಡಿದಿದ್ದರೂ ಮೊದಲ ವಾರ ಹತ್ತು ದಿನ ಗಂಟು ಬೆಳೆಯುವುದುಂಟು. ಕೌಂಟ್ ಏಳುವಾಗ ಇನ್ನೂ ಜಾಸ್ತಿ ಕಾಣಬಹುದು, ಯಾಕೆಂದರೆ ಬಿಳಿ ಕಣಗಳು ಆಗ ತಾನೇ ಅಲ್ಲಿಗೆ ಬರುತ್ತವೆ. ಆಮೇಲೆ ಗಂಟಿನ ಒಳಗೆ ಅರ್ಧಚಂದ್ರದ ಹಾಗೆ ಗಾಳಿ ಕಂಡಿತು. ಸತ್ತ ಭಾಗ ಬಿಡಿಸಿಕೊಳ್ಳುತ್ತಿರುವ ಲಕ್ಷಣ ಅದು. ಹಾಗಾಗಿ ನಿಮ್ಮ ಎರಡನೇ ಸಿಟಿ ನೋಡಿ ಗಾಬರಿ ಬೀಳಬೇಡಿ. ಜ್ವರ, ಉಸಿರು, ಆಕ್ಸಿಜನ್ ಇವನ್ನೂ ಕೂಡಿಸಿ ನೋಡಬೇಕು.

ಈಗ ನನಗೆ ನಿಜವಾಗಿ ಚಿಂತೆ ಇರುವ ಮಾತು. ಮ್ಯೂಕರ್ ಅಂತ ಇನ್ನೊಂದು ಬೂಷ್ಟು ಇದೆ. 2021ರಲ್ಲಿ ಕೊರೋನಾ ಆದ ಮೇಲೆ ಕಪ್ಪು ಫಂಗಸ್ ಅಂತ ಎಲ್ಲರೂ ಹೆದರಿದ್ದೆವಲ್ಲ, ಅದೇ. ಇದಕ್ಕೆ ವೊರಿಕೊನಜೋಲ್ ನಾಟುವುದಿಲ್ಲ, ಆಂಫೊಟೆರಿಸಿನ್ ಬೇಕು. ಗ್ಯಾಲಕ್ಟೋಮ್ಯಾನನ್ ಇದಕ್ಕೆ ಪಾಸಿಟಿವ್ ಆಗುವುದಿಲ್ಲ. ಬೀಟಾ ಡಿ ಗ್ಲೂಕಾನ್ ಅನ್ನುವ ಇನ್ನೊಂದು ಫಂಗಸ್ ಪರೀಕ್ಷೆಯೂ ಆಗುವುದಿಲ್ಲ. ರಕ್ತದ ಎರಡೂ ರಿಪೋರ್ಟ್ ಚೆನ್ನಾಗಿ ಬಂದು ಒಳಗೆ ಇದು ಓಡುತ್ತಿರಬಹುದು. ಹಿಡಿಯಬೇಕೆಂದರೆ ಕಣ್ಣಾರೆ ನೋಡಬೇಕು, ಸಿಟಿ ಮಾಡಬೇಕು, ಆ ಜಾಗದಿಂದ ಮಾಂಸದ ತುಣುಕು ತೆಗೆದು ಪರೀಕ್ಷಿಸಬೇಕು. ತುಣುಕಿನಲ್ಲಿ ಇದರ ಎಳೆ ಅಗಲ, ರಿಬ್ಬನ್ ಹಾಗೆ, ನಡುವೆ ಗೋಡೆ ಇಲ್ಲವೆನ್ನುವಷ್ಟು ಕಡಿಮೆ.

ಅತ್ತೆ ದಿನಾ ಬೆಳಿಗ್ಗೆ, ರಾತ್ರಿ ಟಾರ್ಚ್ ಹಿಡಿದು ಮಾಮಾನ ಬಾಯಿ ತೆಗೆಸಿ ಅಂಗುಳ ನೋಡಲಿ, ಮೂಗು ನೋಡಲಿ. ಕಪ್ಪು ಚುಕ್ಕೆ, ಒಂದೇ ಕಡೆ ಕೆನ್ನೆ ಊತ, ಮೂಗಿನಿಂದ ರಕ್ತ ಬೆರೆತ ಸಿಂಬಳ, ಕಣ್ಣಿನ ಸುತ್ತ ನೋವು, ಒಂದು ಎರಡಾಗಿ ಕಾಣುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಗಂಟೆಗಳ ಲೆಕ್ಕದಲ್ಲಿ ಹಬ್ಬುತ್ತದೆ.

ತುಣುಕು ತೆಗೆಯುವ ಹಾಗಾದರೆ ಒಂದು ಮಾತು ಕೇಳಿಕೋ: ಎರಡು ಡಬ್ಬಿ. ಒಂದರಲ್ಲಿ ಫಾರ್ಮಲಿನ್, ಅದು ಪ್ಯಾಥಾಲಜಿಗೆ. ಇನ್ನೊಂದರಲ್ಲಿ ಬರೀ ಸಲೈನ್, ಅದು ಫಂಗಸ್ ಕಲ್ಚರ್‌ಗೆ. ನಮ್ಮಲ್ಲಿಗೆ ಒಮ್ಮೆ ಒಬ್ಬ ಹುಡುಗನ ಮೂಗಿನ ತುಣುಕು ಪೂರ್ತಿ ಫಾರ್ಮಲಿನ್‌ನಲ್ಲೇ ಬಂತು. ಫಾರ್ಮಲಿನ್ ಫಂಗಸ್ಸನ್ನು ಕೊಂದುಬಿಡುತ್ತದೆ, ಬೆಳೆಸಲು ಏನೂ ಉಳಿಯಲಿಲ್ಲ. ಮತ್ತೆ ಪ್ಲೇಟ್‌ಲೆಟ್ ಹಾಕಿ ಎರಡನೇ ಸಲ ತುಣುಕು ತೆಗೆಯಬೇಕಾಯಿತು. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಕಫದ ರಿಪೋರ್ಟ್‌ನಲ್ಲಿ ಕ್ಯಾಂಡಿಡಾ ಅಂತ ಬಂದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಬಾಯಿಯಲ್ಲಿ ಇದ್ದದ್ದು ಸೇರಿರುತ್ತದೆ. ಅದೇ ರಕ್ತದ ಬಾಟಲಿಯಲ್ಲಿ ಬಂದರೆ ಮಾತೇ ಬೇರೆ. ಒಂದು ಬಾಟಲಿಯಲ್ಲಿ ಬಂದರೂ ಅದು ನಿಜವೇ. ಯಾವ ಜಾತಿ ಅಂತ ತಿಳಿಯಬೇಕು, ಪಿಕ್ ಲೈನ್ ತೆಗೆಯುವ ಮಾತು ಬರುತ್ತದೆ, ಕಣ್ಣಿನ ಡಾಕ್ಟರ್ ನೋಡಬೇಕಾಗುತ್ತದೆ.

ಈಗ ನೀನು ಡಾಕ್ಟರ್ ಹತ್ತಿರ ಎರಡು ವಿಷಯ ಕೇಳು. ಕಲ್ಚರ್‌ಗೆ ಮತ್ತೆ ರಕ್ತ ತೆಗೆದಿದ್ದಾರಾ, ಕೈಯಿಂದಲೂ ಲೈನ್‌ನಿಂದಲೂ? ಗ್ಯಾಲಕ್ಟೋಮ್ಯಾನನ್ ಎಲ್ಲಿಗೆ ಕಳಿಸುತ್ತಾರೆ, ಎಷ್ಟು ದಿನಕ್ಕೆ ಬರುತ್ತದೆ? ಬಳ್ಳಾರಿಯಿಂದ ಸ್ಯಾಂಪಲ್ ಹೊರಗೆ ಹೋಗುವ ಹಾಗಿದ್ದರೆ ಎರಡು ಮೂರು ದಿನ ಹೋಗುತ್ತದೆ. ಸಿಟಿಯಲ್ಲಿ ಗಂಟು ಇದ್ದರೆ ಆ ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡುತ್ತಾರೆ, ಆಗ ಬೇಡ ಅನ್ನಬೇಡಿ.

ಸಿಟಿ ಆದ ತಕ್ಷಣ ರಿಪೋರ್ಟ್ ಫೋಟೋ ಹಾಕು. ನಾನು ಮಲಗಿರುವುದಿಲ್ಲ.