ಅಮ್ಮನ ಕಣ್ಣಿನ ಫೋಟೊ: ಡಾಕ್ಟರಿಗೆ ಏನಂತ ಬರೆಯಲಿ?

ಮಾಲತಿ: ನಾಳೆ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತಿದ್ದೇನೆ. ಬೆಳಿಗ್ಗೆ ಹತ್ತಿರದಿಂದ ತೆಗೆದ ಫೋಟೊ ಇದು. ಕೆಂಪು, ಊತ, ಗೀಜು ಮೂರೂ ಕಾಣುತ್ತವೆ. ಯಾವ ಕಾಯಿಲೆ ಅಂತ ನಾನೇ ಹೇಳದೆ, ಕಂಡದ್ದನ್ನಷ್ಟೇ ಹೇಗೆ ಬರೆಯಲಿ?

ರಘು: ಕೆಂಗಣ್ಣು ಅಂತ ಬರೆದರೆ ಸಾಕಲ್ವಾ? ಗೀಜು ಹಳದಿ ಇದೆ, ಅಂದರೆ ಸೋಂಕು. ಬಣ್ಣ ಮಾತ್ರ ಮರೆಯದೆ ಬರೆಯಿರಿ.

ಶಾರದಾ: ಬಣ್ಣ ಬರೆಯಬೇಕು, ನಿಜ. ಆದರೆ ಬಣ್ಣ ನೋಡಿ ಸೋಂಕು ಅನ್ನೋದು ಊಹೆ. ನಾನು ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದೆ. ಕೆಂಪು ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದನ್ನೇ ಡಾಕ್ಟರು ಮೊದಲು ನೋಡುತ್ತಿದ್ದರು. ಕಪ್ಪು ಗುಡ್ಡೆಯ ಸುತ್ತ ಉಂಗುರದ ಹಾಗಿದೆಯಾ, ರೆಪ್ಪೆಯ ಕಡೆಗೆ ಜಾಸ್ತಿಯಾ, ರಕ್ತನಾಳಗಳು ಗೆರೆಗೆರೆಯಾಗಿ ಕಾಣ್ತಾವಾ, ಇಲ್ಲಾ ಬಣ್ಣ ಚೆಲ್ಲಿದ ಹಾಗೆ ಒಂದೇ ಮಚ್ಚೆಯಾ? ನಿಮ್ಮ ಫೋಟೊ ನೋಡಿ ನಾನಾದರೆ ಹೀಗೆ ಬರೆಯುತ್ತಿದ್ದೆ:

"ಎಡಗಣ್ಣು, ಬೆಳಿಗ್ಗೆ 7 ಗಂಟೆ, ಒರೆಸುವ ಮೊದಲು. ಬಿಳಿ ಭಾಗದಲ್ಲಿ ಮೂಗಿನ ಕಡೆ ಕೆಂಪು ಗೆರೆಗಳು ಜಾಸ್ತಿ, ಗುಡ್ಡೆಯ ಹತ್ತಿರ ಬಂದಂತೆ ಕಡಿಮೆ. ಮೇಲಿನ ರೆಪ್ಪೆ ಪೂರ್ತಿ ಊದಿದೆ, ಒಂದೇ ಕಡೆ ಗಂಟಿಲ್ಲ. ಗುಡ್ಡೆಯ ಮೇಲಂಚನ್ನು ಮುಚ್ಚಿದೆ. ಕೆಳಗಿನ ರೆಪ್ಪೆಗೂದಲಲ್ಲಿ ಹಳದಿ ಗೀಜು ಒಣಗಿದೆ, ಒಳಮೂಲೆಯಲ್ಲಿ ಹಸಿಯಾಗಿದೆ."

ಗಂಟೆ, ಒರೆಸದೆ ತೆಗೆದದ್ದು ನನ್ನ ಅಂದಾಜು, ನೀವು ತಿದ್ದಿಕೊಳ್ಳಿ.

ಇಕ್ಬಾಲ್: ಎಡಗಣ್ಣು ಖಚಿತವಾ? ನಾನು ಸೆಲ್ಫಿ ತೆಗೆದಿದ್ದೆ. ಫೋನು ಕನ್ನಡಿಯ ಹಾಗೆ ತಿರುಗಿಸಿಟ್ಟಿತ್ತು. ಡಾಕ್ಟರನ್ನು ನೋಡುವಷ್ಟರಲ್ಲಿ ಕಣ್ಣು ತಿಳಿಯಾಗಿತ್ತು. ಫೋಟೊ ನೋಡಿದರೆ ಬಲಗಣ್ಣು, ನಾನು ಹೇಳಿದ್ದು ಎಡಗಣ್ಣು. ಹತ್ತು ನಿಮಿಷ ಅದರಲ್ಲೇ ಹೋಯಿತು.

ಶಾರದಾ: ಒಳ್ಳೆಯ ಮಾತು. ಅದಕ್ಕೇ ಎಡ, ಬಲ ಅನ್ನೋದನ್ನು ಫೋಟೊ ನೋಡಿ ಬರೆಯಬಾರದು, ಮುಖ ನೋಡಿ ಬರೆಯಬೇಕು. ಕಣ್ಣಿನೊಳಗಿನ ಜಾಗಕ್ಕೆ ಮೂಗಿನ ಕಡೆ, ಕಿವಿಯ ಕಡೆ ಅನ್ನಿ. ಫೋಟೊ ತಿರುಗಿದ್ದರೂ ಅದು ತಪ್ಪಾಗಲ್ಲ. ಎರಡೂ ಕಣ್ಣು ಬರುವ ಹಾಗೆ ಇನ್ನೊಂದು ಫೋಟೊ ತೆಗೆಯಿರಿ. ಪಕ್ಕದ ಕಣ್ಣಿಲ್ಲದೆ ಊತ ಎಷ್ಟು ಅಂತ ಹೇಳೋದು ಕಷ್ಟ.

ಸುಮಾ: ಯಾವ ಡ್ರಾಪ್ಸ್ ಹಾಕಿದರೆ ಬೇಗ ಇಳಿಯುತ್ತೆ?

ರಘು: ಅದು ಪ್ರಶ್ನೆಯೇ ಅಲ್ಲಪ್ಪಾ.

ಶಾರದಾ: ಈಗಾಗಲೇ ಏನಾದರೂ ಹಾಕಿದ್ದರೆ ಹೆಸರು, ಹೊತ್ತು ಬರೆಯಿರಿ. ಫೋಟೊದಲ್ಲಿ ಕಾಣದ್ದನ್ನು ಅಮ್ಮನನ್ನೇ ಕೇಳಿ: ನೋವಿದೆಯಾ, ಬೆಳಕು ಚುಚ್ಚುತ್ತಾ, ಮಂಜಾಗಿದೆಯಾ? ಇವುಗಳಲ್ಲಿ ಯಾವುದಾದರೂ ಇದ್ದರೆ ನಾಳೆವರೆಗೆ ಕಾಯಬೇಡಿ.

ಮಾಲತಿ: ಮೂರೂ ಇಲ್ಲ, ಸ್ವಲ್ಪ ಉರಿ ಅಂತಾರೆ. ಎಡಗಣ್ಣೇ. ಆದರೆ ಫೋಟೊ ತೆಗೆದದ್ದು ಹಳದಿ ಬಲ್ಬಿನ ಕೆಳಗೆ.

ರಘು: ಹಾಗಾದರೆ ಗೀಜು ಹಳದಿ ಅಂದದ್ದೂ ಅನುಮಾನವೇ! ಫ್ಲ್ಯಾಶ್ ಹಾಕಿ ತೆಗೆಯಿರಿ.

ಶಾರದಾ: ಫ್ಲ್ಯಾಶ್ ಬೇಡ, ಒದ್ದೆ ಕಣ್ಣಲ್ಲಿ ಬಿಳಿ ಚುಕ್ಕೆ ಹೊಳೆದು ಅಲ್ಲಿನದ್ದು ಮುಚ್ಚಿಹೋಗುತ್ತೆ. ನಾಳೆ ಎದ್ದ ಕೂಡಲೇ ಕಿಟಕಿ ಬೆಳಕಲ್ಲಿ ತೆಗೆಯಿರಿ.

ಇಕ್ಬಾಲ್: ನನಗೆ ಫ್ಲ್ಯಾಶಲ್ಲೇ ಕೆಂಪು ಗೆರೆ ಚೆನ್ನಾಗಿ ಬಂದಿತ್ತು.

ಮಾಲತಿ: ಎರಡೂ ತೆಗೆದು, ಯಾವುದು ಯಾವ ಬೆಳಕು ಅಂತ ಬರೆದಿಡ್ತೇನೆ.